ಆಸ್ತಿ ಹುಟ್ಟಿದ ದಿನ ಯಾವುದು?

ಮುಂಬಯಿಯ ಮಾಟುಂಗದಲ್ಲಿ ಎರಡು ತಲೆಮಾರುಗಳಿಂದ ನಡೆಯುತ್ತಿರುವ ಉಡುಪಿ ಹೋಟೆಲೊಂದನ್ನು ಕಲ್ಪಿಸಿಕೊಳ್ಳಿ. ರುಬ್ಬುವ ಯಂತ್ರ, ಫ್ರಿಜ್ಜು, ಮೇಜು, ಕುರ್ಚಿ ಎಲ್ಲವೂ ಅದರ ಬ್ಯಾಲೆನ್ಸ್ ಶೀಟಿನಲ್ಲಿ ಸವಕಳಿ ಕಳೆದು ಉಳಿದ ಬೆಲೆಗೆ ಕೂತಿರುತ್ತವೆ. ಬಾಗಿಲ ಮೇಲಿನ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಬೆಳಗ್ಗೆ ಆರಕ್ಕೇ ಗಿರಾಕಿಗಳು ಸಾಲು ನಿಲ್ಲುವುದು ಕುರ್ಚಿಗಾಗಿ ಅಲ್ಲ, ಆ ಹೆಸರಿಗಾಗಿ. ಹಾಗಾಗಿ ಮಾಲೀಕರು ತಮ್ಮ ಸಿ.ಎ.ಯನ್ನು, "ಹೆಸರಿಗೆ ಎಷ್ಟು ಹಾಕಿದ್ದೀರಿ ಮಾರಾಯ್ರೆ?" ಎಂದು ಕೇಳಿದರೆ ಅದರಲ್ಲಿ ತಪ್ಪೇನಿಲ್ಲ. ಉತ್ತರ ಮಾತ್ರ ಸೊನ್ನೆ. ಅದೇ ಹೋಟೆಲನ್ನು ನಾಳೆ ಇನ್ನೊಬ್ಬರು ಕೊಂಡು, ನೋಂದಾಯಿತ ಹೆಸರಿಗೆಂದೇ 60 ಲಕ್ಷ ರೂಪಾಯಿ ಕೊಟ್ಟರೆ, ಅದೇ ಹೆಸರು ಅವರ ಪುಸ್ತಕದಲ್ಲಿ 60 ಲಕ್ಷದ ಅಮೂರ್ತ ಆಸ್ತಿಯಾಗುತ್ತದೆ.

ಕಟ್ಟಿದವನಿಗೆ ಸೊನ್ನೆ, ಕೊಂಡವನಿಗೆ 60 ಲಕ್ಷ. ಇದು ಅನ್ಯಾಯವೆಂದು ಕಾಣುತ್ತದೆ. ಆದರೆ ಲೆಕ್ಕಪತ್ರದ ನಿಯಮ ಇಲ್ಲಿ ಅಳೆಯುತ್ತಿರುವುದು ಹೆಸರಿನ ಬೆಲೆಯನ್ನಲ್ಲ. ಅದು ಕೇಳುವ ಪ್ರಶ್ನೆಗಳು ಎರಡೇ: ಈ ಆಸ್ತಿ ಯಾವ ದಿನ ಹುಟ್ಟಿತು, ಮತ್ತು ಅದನ್ನು ಹುಟ್ಟಿಸಲು ತಗುಲಿದ ಖರ್ಚು ಎಷ್ಟು. ಕೊಂಡವನ ಬಳಿ ಎರಡಕ್ಕೂ ಉತ್ತರವಾಗಿ ಒಂದು ಕರಾರು ಪತ್ರವಿದೆ. ಕಟ್ಟಿದವನ ಬಳಿ ನಲವತ್ತೈವತ್ತು ವರ್ಷಗಳ ಇಡ್ಲಿ ಸಾಂಬಾರ್ ಇದೆ.

ಈ ಎರಡು ಪ್ರಶ್ನೆಗಳು ನಮ್ಮ ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದವು, ಅದೂ ಬೆಂಗಳೂರಿನ ಊದುಬತ್ತಿ ವ್ಯಾಪಾರವೊಂದರ ನೆಪದಲ್ಲಿ. ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣವೆಂದು ತೆರಿಗೆ ವಕೀಲರು ಇಂದಿಗೂ ಉಲ್ಲೇಖಿಸುವ 1981ರ ತೀರ್ಪು ಅದು. ಪಾಲುದಾರಿಕೆ ವಿಸರ್ಜನೆಯಾದಾಗ ಸಂಸ್ಥೆಯ ಗುಡ್‌ವಿಲ್‌ಗೆ, ಅಂದರೆ ಅದು ಗಳಿಸಿದ ಒಳ್ಳೆಯ ಹೆಸರಿಗೆ, 1,50,000 ರೂಪಾಯಿ ಬೆಲೆ ಕಟ್ಟಲಾಗಿತ್ತು; ಅದರ ಮೇಲೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆಯೇ ಎಂಬುದು ವಿವಾದ. ಹೊಸದಾಗಿ ಆರಂಭಿಸಿದ ವ್ಯಾಪಾರದಲ್ಲಿ ತಾನಾಗಿಯೇ ಬೆಳೆದ ಗುಡ್‌ವಿಲ್‌ಗೆ ಕೊಂಡ ಬೆಲೆ ಎಂಬುದಿಲ್ಲ, ಅದು ಇಂಥ ದಿನ ಹುಟ್ಟಿತೆಂದು ಹೇಳಲೂ ಆಗುವುದಿಲ್ಲ, ಆದ್ದರಿಂದ ಲಾಭವನ್ನು ಲೆಕ್ಕ ಹಾಕುವ ಸೂತ್ರವೇ ಇಲ್ಲಿ ನಡೆಯುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಸರ್ಕಾರ ಆಮೇಲೆ ಕಾಯಿದೆ ತಿದ್ದಿ, ಇಂಥ ಗುಡ್‌ವಿಲ್‌ನ ವೆಚ್ಚ ಸೊನ್ನೆಯೆಂದು ಭಾವಿಸಬೇಕೆಂದು ಬರೆಯಿತು. ಮುಂದೆ ಬ್ರ್ಯಾಂಡ್ ಹೆಸರುಗಳನ್ನೂ ಅದೇ ಸಾಲಿಗೆ ಸೇರಿಸಿತು. ತೆರಿಗೆಯ ಗಂಟು ಬಿಚ್ಚಿತು, ಮೂಲ ಪ್ರಶ್ನೆ ಹಾಗೇ ಉಳಿಯಿತು.

ಹೆಸರಿನ ವಿಷಯದಲ್ಲಿ ಉತ್ತರವಿಲ್ಲವೆಂದು ಒಪ್ಪಿಕೊಳ್ಳಬಹುದು. ಆದರೆ ಒಂದು ಯಂತ್ರದ ವಿನ್ಯಾಸಕ್ಕೋ ತಂತ್ರಾಂಶಕ್ಕೋ ಉತ್ತರ ಹುಡುಕಲು ಆಗುತ್ತದೆಯಲ್ಲವೇ? ಜಗತ್ತಿನ ಲೆಕ್ಕಿಗರು ಈ ವಿಷಯದಲ್ಲಿ ಎಚ್ಚೆತ್ತುಕೊಂಡದ್ದಕ್ಕೆ ಒಂದು ಕಾರಣ 1971ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ರೋಲ್ಸ್-ರಾಯ್ಸ್ ಕಂಪನಿ ದಿವಾಳಿಯಾದದ್ದು. ಆರ್‌ಬಿ211 ಎಂಬ ವಿಮಾನ ಎಂಜಿನ್ನಿನ ಅಭಿವೃದ್ಧಿಗೆ ಹಣ ನೀರಿನಂತೆ ಹರಿಯುತ್ತಿತ್ತು. ಅಭಿವೃದ್ಧಿಯ ವೆಚ್ಚವನ್ನು ಆಯಾ ವರ್ಷದ ಖರ್ಚಿಗೆ ಪೂರ್ತಿ ಬರೆಯದೆ ಆಸ್ತಿಯೆಂದು ಮುಂದಕ್ಕೆ ಸಾಗಿಸುವ ಪದ್ಧತಿ ಕಂಪನಿಯಲ್ಲಿತ್ತು. ಪುಸ್ತಕದಲ್ಲಿ ಆಸ್ತಿಯಿತ್ತು, ಪೆಟ್ಟಿಗೆಯಲ್ಲಿ ಕಾಸಿರಲಿಲ್ಲ.

ಅಮೆರಿಕದ ಲೆಕ್ಕಮಾನಕ ಮಂಡಳಿ 1974ರಲ್ಲಿ ನೇರವಾದ ದಾರಿ ಹಿಡಿಯಿತು: ಸಂಶೋಧನೆ, ಅಭಿವೃದ್ಧಿ ಎರಡೂ ಖರ್ಚೇ, ಚರ್ಚೆಯಿಲ್ಲ. ಮಾರಾಟಕ್ಕೆಂದು ಬರೆಯುವ ತಂತ್ರಾಂಶಕ್ಕೆ 1985ರಲ್ಲಿ ಅದೇ ಮಂಡಳಿ ಒಂದು ಕಿಂಡಿ ಬಿಟ್ಟಿತು. ಬ್ರಿಟನ್ನಿನಲ್ಲಿಯೂ ಮೊದಲು ಎಲ್ಲವನ್ನೂ ಖರ್ಚು ಬರೆಯಬೇಕೆಂಬ ಕರಡು ಬಂದಿತ್ತು. ಉದ್ಯಮಗಳು ಪ್ರತಿಭಟಿಸಿದ ಮೇಲೆ 1977ರ ನಿಯಮದಲ್ಲಿ ಸಂಶೋಧನೆಯನ್ನು ಖರ್ಚೆಂದೂ, ಕೆಲವು ಷರತ್ತುಗಳು ಪೂರೈಸಿದರೆ ಅಭಿವೃದ್ಧಿಯನ್ನು ಆಸ್ತಿಯೆಂದೂ ವಿಂಗಡಿಸಲಾಯಿತು. ಈ ವಿಂಗಡಣೆಯೇ 1998ರ ಅಂತರರಾಷ್ಟ್ರೀಯ ಮಾನಕ ಐಎಎಸ್ 38ಕ್ಕೂ, ಅದರ ಮೂಲಕ ನಮಗೂ ಬಂದದ್ದು.

ನಮ್ಮಲ್ಲಿ 1985ರ ಲೆಕ್ಕಮಾನಕ ಎಎಸ್ 8 ಸಂಶೋಧನೆ ಮತ್ತು ಅಭಿವೃದ್ಧಿಗೆ ಸೀಮಿತವಾಗಿತ್ತು. ಅದರಾಚೆಗಿನ ಬಯಲಿನಲ್ಲಿ ಕಂಪನಿಗಳು 'ಮುಂದೂಡಿದ ಕಂದಾಯ ವೆಚ್ಚ' ಎಂಬ ಸೊಗಸಾದ ಹೆಸರಿನಡಿ ಜಾಹೀರಾತು, ತರಬೇತಿ, ಆರಂಭೋತ್ಸವಗಳ ಖರ್ಚನ್ನೆಲ್ಲ ಮೂರು ವರ್ಷಕ್ಕೋ ಐದು ವರ್ಷಕ್ಕೋ ಹಂಚಿ ಬರೆಯುತ್ತಿದ್ದವು. ಬಿ.ಕಾಂ. ಓದಿದ ನಮ್ಮ ತಲೆಮಾರಿಗೆ ಅದು ಪಠ್ಯದ ಭಾಗವೇ ಆಗಿತ್ತು. 2002ರಲ್ಲಿ ಹೊರಬಂದು 2003ರ ಏಪ್ರಿಲ್‌ನಿಂದ ಹಂತಹಂತವಾಗಿ ಕಡ್ಡಾಯವಾದ ಎಎಸ್ 26 ಈ ರೂಢಿಗೆ ತೆರೆ ಎಳೆಯಿತು. ಜಾಹೀರಾತು ಖರ್ಚೇ, ತರಬೇತಿ ಖರ್ಚೇ, ಸ್ವಂತವಾಗಿ ಬೆಳೆಸಿದ ಬ್ರ್ಯಾಂಡ್ ಆಸ್ತಿಯಲ್ಲ. ದೊಡ್ಡ ಕಂಪನಿಗಳಿಗೆ 2016ರಿಂದ ಅನ್ವಯಿಸಿದ ಇಂಡ್ ಎಎಸ್ 38ರಲ್ಲಿಯೂ ಈ ಗೆರೆ ಅಲ್ಲಿಯೇ ಇದೆ.

ಗೆರೆ ಎಲ್ಲಿ ಬೀಳುತ್ತದೆ ಎಂಬುದು ಲೆಕ್ಕ ಬಿಡಿಸಿದರೆ ಸ್ಪಷ್ಟವಾದೀತು. ಪುಣೆಯ ಹಿಂಜವಡಿಯಲ್ಲಿ ಧಾರವಾಡದ ಇಬ್ಬರು ಸ್ನೇಹಿತರ ಪುಟ್ಟ ಕಂಪನಿಯಿದೆ ಎಂದಿಟ್ಟುಕೊಳ್ಳೋಣ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಗಾಡಿ ತೂಕದ ಕಟ್ಟೆ ಏರಿದೊಡನೆ ತೂಕ ನೇರವಾಗಿ ರೈತನ ಖಾತೆಗೆ ದಾಖಲಾಗುವಂಥ ತಂತ್ರಾಂಶ ಬರೆಯುವುದು ಅವರ ಯೋಜನೆ. 2023ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಬೇರೆ ಬೇರೆ ತಯಾರಕರ ತೂಕದ ಯಂತ್ರಗಳಿಂದ ಅಂಕಿಗಳನ್ನು ಓದಲು ಸಾಧ್ಯವೇ ಎಂದು ಹುಡುಕಾಡಿದರು. ಖರ್ಚು 30 ಲಕ್ಷ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮಾದರಿಯೊಂದನ್ನು ಕಟ್ಟಿ, ಒಡೆದು, ಮತ್ತೆ ಕಟ್ಟಿದರು; 36 ಲಕ್ಷ. ಡಿಸೆಂಬರ್ ಕೊನೆಗೆ ಒಂದು ಕಾರ್ಖಾನೆಯ ಕಟ್ಟೆಯಲ್ಲಿ ಮಾದರಿ ಕೆಲಸ ಮಾಡಿತು. ಪೂರ್ಣಗೊಳಿಸಿ ಮಾರುವುದೆಂದು 2024ರ ಜನವರಿ 1ರಂದು ನಿರ್ದೇಶಕ ಮಂಡಳಿ ನಿರ್ಣಯ ಬರೆಯಿತು, ಉಳಿದ ಕೆಲಸಕ್ಕೆ ಹಣ ಗೊತ್ತಾಯಿತು, ಕೊಳ್ಳುವ ಆಸಕ್ತಿ ತೋರಿ ಎರಡು ಕಾರ್ಖಾನೆಗಳು ಪತ್ರ ಕೊಟ್ಟವು.

ಮಾನಕದ ಷರತ್ತುಗಳು ಆರು. ಕೆಲಸ ಮುಗಿಸುವುದು ತಾಂತ್ರಿಕವಾಗಿ ಸಾಧ್ಯವಿರಬೇಕು, ಮುಗಿಸುವ ಉದ್ದೇಶವಿರಬೇಕು, ಬಳಸುವ ಅಥವಾ ಮಾರುವ ಶಕ್ತಿಯಿರಬೇಕು, ಅದರಿಂದ ಆದಾಯ ಬರುವ ಬಗೆ ತೋರಿಸಲಾಗಬೇಕು, ಮುಗಿಸಲು ಹಣ ಮತ್ತು ಜನ ಇರಬೇಕು, ತಗುಲುವ ಖರ್ಚನ್ನು ನಂಬಿಕೆಗೆ ತಕ್ಕಂತೆ ಅಳೆಯಲು ಬರಬೇಕು. ನಮ್ಮ ಸ್ನೇಹಿತರಿಗೆ ಈ ಆರೂ ಒಟ್ಟಿಗೆ ಕೂಡಿಬಂದದ್ದು ಜನವರಿ 1ರಂದು. ಅದೇ ಆಸ್ತಿಯ ಹುಟ್ಟಿದ ದಿನ. ಅದಕ್ಕೂ ಮೊದಲಿನ 66 ಲಕ್ಷ ಖರ್ಚೇ. ಯೋಜನೆ ಮುಂದೆ ಎಷ್ಟೇ ಯಶಸ್ವಿಯಾದರೂ ಆ ಹಣ ಆಸ್ತಿಯಾಗಿ ಹಿಂದಿರುಗುವುದಿಲ್ಲ.

ಜನವರಿಯಿಂದ ಮಾರ್ಚ್‌ವರೆಗಿನ ಖರ್ಚು 45 ಲಕ್ಷ. ಅದರಲ್ಲಿ ತಂತ್ರಾಂಶ ಬರೆದವರ ಸಂಬಳ 33 ಲಕ್ಷ, ಪರೀಕ್ಷೆಯ ಸರ್ವರ್‌ಗಳ ಬಾಡಿಗೆ 4 ಲಕ್ಷ. ಈ 37 ಲಕ್ಷ ಆಸ್ತಿಗೆ ಸೇರುತ್ತದೆ. ಮಾರಾಟದವರ ಓಡಾಟದ 5 ಲಕ್ಷ ಮತ್ತು ಸಿಬ್ಬಂದಿ ತರಬೇತಿಯ 3 ಲಕ್ಷ ಸೇರುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಇನ್ನೂ 35 ಲಕ್ಷ ಕೂಡಿ, ಜುಲೈ 1ಕ್ಕೆ ತಂತ್ರಾಂಶ ಬಳಕೆಗೆ ಸಿದ್ಧವಾಯಿತು. ಒಟ್ಟು 72 ಲಕ್ಷವನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 18 ಲಕ್ಷ. ಮೊದಲ ಸಾಲಿನ ಒಂಬತ್ತು ತಿಂಗಳಿಗೆ 13.5 ಲಕ್ಷ. ಆಮೇಲೆ ದೋಷ ತಿದ್ದುವ ಕೆಲಸವೆಲ್ಲ ಆಯಾ ತಿಂಗಳ ಖರ್ಚು.

ಈಗ ಆಮಿಷ ಎಲ್ಲಿದೆ ನೋಡಿ. 2024ರ ಮಾರ್ಚ್‌ಗೆ ಮುಗಿದ ಮೊದಲ ವರ್ಷ ಕಂಪನಿಗೆ ಇತರ ಕೆಲಸಗಳಿಂದ 1 ಕೋಟಿ ಉಳಿಯಿತೆನ್ನಿ. ಯೋಜನೆಯ 111 ಲಕ್ಷವನ್ನೂ ಖರ್ಚು ಬರೆದರೆ 11 ಲಕ್ಷ ನಷ್ಟ. ನಿಯಮದಂತೆ 37 ಲಕ್ಷವನ್ನು ಆಸ್ತಿಯಾಗಿಸಿದರೆ 26 ಲಕ್ಷ ಲಾಭ. ಹುಟ್ಟಿದ ದಿನವನ್ನು ಜನವರಿಯಿಂದ ಹಿಂದಿನ ಏಪ್ರಿಲ್‌ಗೆ ಜಾರಿಸಿದರೆ, ಮಾರಾಟ ಮತ್ತು ತರಬೇತಿಯ 8 ಲಕ್ಷ ಮಾತ್ರ ಖರ್ಚಾಗಿ, ಲಾಭ 92 ಲಕ್ಷ! ಬ್ಯಾಂಕಿನಲ್ಲಿರುವ ಹಣ ಮೂರು ಲೆಕ್ಕದಲ್ಲೂ ಒಂದೇ. ಮೋಸ ಮಾಡಲೇಬೇಕೆಂದು ಕೂತವರಷ್ಟೇ ಇಲ್ಲಿ ಎಡವುವುದಿಲ್ಲ. ತಮ್ಮ ಕೂಸಿನ ಮೇಲೆ ಮೊದಲ ದಿನದಿಂದಲೇ ನಂಬಿಕೆಯಿಟ್ಟವರೂ ಎಡವುತ್ತಾರೆ. ನಂಬಿಕೆ ಆರು ಷರತ್ತುಗಳಲ್ಲಿ ಒಂದಲ್ಲ.

ದಿನ ಜಾರಿದ್ದನ್ನು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಯಾರು ಯಾವ ಕೆಲಸಕ್ಕೆ ಎಷ್ಟು ಗಂಟೆ ದುಡಿದರೆಂಬ ದಾಖಲೆ ಇಲ್ಲದೆ, ಸಂಬಳದ ಶೇ. 60 ಎಂಬಂಥ ದುಂಡನೆಯ ಅಂಕಿ ವರ್ಷವರ್ಷವೂ ಆಸ್ತಿಗೆ ಹೋಗುತ್ತಿದ್ದರೆ ಅನುಮಾನಿಸಬೇಕು. ನಗದು ಹರಿವಿನ ಪಟ್ಟಿಯನ್ನೂ ನೋಡಬೇಕು: ಆಸ್ತಿಯೆಂದು ಬರೆದ ಸಂಬಳ ಅಲ್ಲಿ ಹೂಡಿಕೆಯ ಸಾಲಿಗೆ ಹೋಗುವುದರಿಂದ ದಿನನಿತ್ಯದ ವ್ಯವಹಾರ ಇದ್ದುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಕಂಪನಿ ಕಾಯಿದೆಯ ಮೂರನೇ ಪರಿಶಿಷ್ಟಕ್ಕೆ 2021ರಲ್ಲಿ ಆದ ತಿದ್ದುಪಡಿ ಇನ್ನೊಂದು ಕೈದೀವಿಗೆ ಕೊಟ್ಟಿದೆ. 'ಅಭಿವೃದ್ಧಿಯಲ್ಲಿರುವ ಅಮೂರ್ತ ಆಸ್ತಿ' ಎಂದು ತೋರಿಸಿದ ಮೊತ್ತ ಒಂದು ವರ್ಷದೊಳಗಿನದೋ, ಮೂರು ವರ್ಷ ದಾಟಿದ್ದೋ ಎಂದು ವಯಸ್ಸಿನ ಪ್ರಕಾರ ಬಿಡಿಸಿ ಹೇಳಲೇಬೇಕು. ಮೂರು ವರ್ಷ ಕಳೆದರೂ ಅಭಿವೃದ್ಧಿಯಲ್ಲೇ ಇರುವ ತಂತ್ರಾಂಶ ಬಹುಮಟ್ಟಿಗೆ ಸತ್ತಿರುತ್ತದೆ, ಸೂತಕ ಆಚರಿಸಿಲ್ಲ ಅಷ್ಟೆ.

ಪೇಟೆಂಟಿನ ಕಥೆಯೂ ಇದರ ನೆರಳೇ. ಅರ್ಜಿಯ ಶುಲ್ಕ, ವಕೀಲರ ಸಂಭಾವನೆ ಆಸ್ತಿಯಾಗಬಹುದು; ಆದರೆ ಅದರ ಹಿಂದಿನ ವರ್ಷಗಳ ಸಂಶೋಧನೆ ಆಗಲೇ ಖರ್ಚಾಗಿ ಹೋಗಿರುತ್ತದೆ. ಹಾಗಾಗಿ ಕೋಟಿಗಳ ಆದಾಯ ತರುವ ಪೇಟೆಂಟು ಪುಸ್ತಕದಲ್ಲಿ ಕೆಲವೇ ಲಕ್ಷಕ್ಕೆ ಕೂತಿರುವುದುಂಟು.

ಇನ್ನು ಮತ್ತೆ ಹೆಸರಿಗೆ ಬರೋಣ. ಸ್ವಂತ ಬ್ರ್ಯಾಂಡಿಗೆ ಬೆಲೆ ಕಟ್ಟಿ ಬರೆಯುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಬ್ರಿಟನ್ನಿನ ಬ್ರೆಡ್ಡು ಮತ್ತು ದಿನಸಿ ಕಂಪನಿ ರ‍್ಯಾಂಕ್ಸ್ ಹೋವಿಸ್ ಮ್ಯಾಕ್‌ಡುಗಾಲ್, ತನ್ನನ್ನು ನುಂಗಲು ಬಂದವರನ್ನು ಎದುರಿಸಿದ 1988ರಲ್ಲಿ, ಕೊಂಡ ಬ್ರ್ಯಾಂಡುಗಳ ಜೊತೆ ತಾನೇ ಬೆಳೆಸಿದವನ್ನೂ ಸೇರಿಸಿ 67.8 ಕೋಟಿ ಪೌಂಡ್ ಎಂದು ಬ್ಯಾಲೆನ್ಸ್ ಶೀಟಿಗೆ ಏರಿಸಿತು. ಹತ್ತು ವರ್ಷದ ನಂತರ ಬಂದ ಐಎಎಸ್ 38 ಆ ಬಾಗಿಲನ್ನು ಹೆಸರು ಹಿಡಿದೇ ಮುಚ್ಚಿತು: ಸ್ವಂತ ಬ್ರ್ಯಾಂಡ್, ಪತ್ರಿಕೆಯ ಶೀರ್ಷಿಕೆ, ಗ್ರಾಹಕರ ಪಟ್ಟಿ ಇವು ಆಸ್ತಿಯಾಗಿ ದಾಖಲಾಗಕೂಡದು, ಏಕೆಂದರೆ ಇವುಗಳಿಗೆ ತಗುಲಿದ ಖರ್ಚನ್ನು ಇಡೀ ವ್ಯಾಪಾರವನ್ನು ಬೆಳೆಸಿದ ಖರ್ಚಿನಿಂದ ಬೇರ್ಪಡಿಸಲು ಬರುವುದಿಲ್ಲ. ನನಗೆ ಈ ನಿಯಮ ಒರಟೆನಿಸಿದರೂ ಸರಿಯೆನಿಸುತ್ತದೆ. ಮಾಟುಂಗದ ಅಡುಗೆಮನೆಯಲ್ಲಿ ಹೋದ ವರ್ಷ ಅರೆದ ಕೊಬ್ಬರಿಯಲ್ಲಿ ಎಷ್ಟು ಪಾಲು ಅಂದಿನ ಚಟ್ನಿಗೆ, ಎಷ್ಟು ಪಾಲು ಬಾಗಿಲ ಮೇಲಿನ ಹೆಸರಿಗೆ ಎಂದು ವಿಂಗಡಿಸಿ ವೋಚರ್ ಬರೆಯಬಲ್ಲ ಗುಮಾಸ್ತರನ್ನು ನಾನಿನ್ನೂ ಕಂಡಿಲ್ಲ.