ಇನ್ನೂ ತೆಗೆಯದ ಫೋಟೋಗೆ ಸಿದ್ಧವಾಗಿರುವ ಟೆಂಪ್ಲೇಟ್

ಫೋನಿನ ಪರದೆಯ ಮೇಲೆ ಬೆರಳಾಡಿಸುತ್ತ ಹೋಗುವವರಿಗೆ ಒಂದು ಪೋಸ್ಟ್ ಯಾರದೆಂದು ಹೇಗೆ ಗೊತ್ತಾಗುತ್ತದೆ? ಲೋಗೋದಿಂದ ಎಂದು ನಾವು ನಂಬಿರುತ್ತೇವೆ. ಆದರೆ ಕಣ್ಣು ಕೆಲಸ ಮಾಡುವ ರೀತಿ ಬೇರೆ. ಮನೋವಿಜ್ಞಾನಿ ಆನ್ ಟ್ರೀಸ್‌ಮನ್ ತಮ್ಮ ಸಹೋದ್ಯೋಗಿಯೊಂದಿಗೆ 1980ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಬಣ್ಣ ಮತ್ತು ಗೆರೆಯ ಓರೆಯಂತಹ ಸರಳ ಲಕ್ಷಣಗಳನ್ನು ಕಣ್ಣು ಇಡೀ ನೋಟದಿಂದ ಏಕಕಾಲಕ್ಕೆ ಗ್ರಹಿಸುತ್ತದೆ. ಹಲವು ಲಕ್ಷಣಗಳು ಕೂಡಿ ಆಗಿರುವ ವಸ್ತುವನ್ನು ಗುರುತಿಸಲು ಮಾತ್ರ ಗಮನವನ್ನು ಅಲ್ಲಿಗೆ ತಂದು ನಿಲ್ಲಿಸಬೇಕಾಗುತ್ತದೆ. ಮೂಲೆಯಲ್ಲಿರುವ ಪುಟ್ಟ ಲೋಗೋ ಎರಡನೆಯ ಬಗೆಗೆ ಸೇರಿದ್ದು. ಪ್ರತಿ ಪೋಸ್ಟ್‌ನಲ್ಲೂ ಒಂದೇ ಜಾಗದಲ್ಲಿ ಬರುವ ಒಂದೇ ಬಣ್ಣದ ದೊಡ್ಡ ಪಟ್ಟಿ ಮೊದಲನೆಯ ಬಗೆಗೆ ಹತ್ತಿರ. ಆದ್ದರಿಂದ ಪೂರ್ಣಾವಧಿ ಡಿಸೈನರ್ ಇಲ್ಲದ ಸಣ್ಣ ಬ್ರ್ಯಾಂಡ್ ಏಕರೂಪವಾಗಿ ಕಾಣಬೇಕಾದರೆ ಅದು ಮೊದಲು ಬಿಗಿಹಿಡಿಯಬೇಕಾದದ್ದು ಬಣ್ಣ, ಜಾಗ ಮತ್ತು ಅಕ್ಷರದ ಗಾತ್ರ ಎಂಬ ಮೂರನ್ನು.

ಟೆಂಪ್ಲೇಟ್ ಎಂದರೆ ಈ ಮೂರನ್ನು ಒಮ್ಮೆ ತೀರ್ಮಾನಿಸಿ, ಪ್ರತಿ ಬಾರಿಯೂ ಬದಲಾಗಲೇಬೇಕಾದ ಫೋಟೋ ಮತ್ತು ಮಾತುಗಳಿಗೆ ಮಾತ್ರ ಜಾಗ ಬಿಟ್ಟಿರುವ ಚೌಕಟ್ಟು. ಇದರ ಕಷ್ಟವಿರುವುದು ಅಂದವಾಗಿ ಬಿಡಿಸುವುದರಲ್ಲಿ ಅಲ್ಲ. ಮುಂದಿನ ತಿಂಗಳು ಯಾರೋ ತೆಗೆಯಲಿರುವ, ಇಂದು ನಮ್ಮ ಕಣ್ಣಿಗೆ ಬಿದ್ದಿರದ ಫೋಟೋವನ್ನು ಅದರಲ್ಲಿ ಕೂರಿಸಿದಾಗಲೂ ಅದು ಕೆಡಬಾರದು ಎಂಬುದರಲ್ಲಿ. ಅದಕ್ಕಾಗಿ ಅತ್ಯುತ್ತಮ ಫೋಟೋವನ್ನಿಟ್ಟುಕೊಂಡು ಟೆಂಪ್ಲೇಟ್ ಮಾಡುವ ರೂಢಿಯನ್ನು ಬಿಟ್ಟು, ಅತಿ ಕೆಟ್ಟ ಸಂದರ್ಭವನ್ನಿಟ್ಟುಕೊಂಡು ಮಾಡಬೇಕು.

ಸಾಬೂನು ತಯಾರಿಸುವ ಸಣ್ಣ ಬ್ರ್ಯಾಂಡ್ ಒಂದಕ್ಕೆ ಉತ್ಪನ್ನದ ಫೋಟೋ, ಹೆಸರು ಮತ್ತು ಒಂದು ಸಾಲಿನ ವಿವರಣೆ ಇರುವ ಪೋಸ್ಟ್ ಬೇಕು ಎಂದುಕೊಳ್ಳೋಣ. ಫೋಟೋವನ್ನು ಇಡೀ ಚೌಕಟ್ಟಿಗೆ ಹರಡಿ, ಅದರ ಮೇಲೆಯೇ ಬಿಳಿ ಅಕ್ಷರಗಳನ್ನು ಕೂರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಕಡುಬಣ್ಣದ ಹಿನ್ನೆಲೆಯ ಫೋಟೋ ಇದ್ದಾಗ ಇದು ಚೆನ್ನಾಗಿಯೇ ಕಾಣುತ್ತದೆ. ಬಿಳಿ ಬಟ್ಟೆಯ ಮೇಲಿಟ್ಟ ಸಾಬೂನಿನ ಫೋಟೋ ಬಂದ ದಿನ ಅಕ್ಷರಗಳು ಮಾಯವಾಗುತ್ತವೆ. ಆಗ ಪೋಸ್ಟ್ ಸಿದ್ಧಪಡಿಸುವವರು ಅಕ್ಷರದ ಬಣ್ಣ ಬದಲಿಸುತ್ತಾರೆ, ನೆರಳು ಸೇರಿಸುತ್ತಾರೆ, ಜಾಗ ಪಲ್ಲಟ ಮಾಡುತ್ತಾರೆ. ಏಕರೂಪತೆ ಮುರಿಯುವುದು ಹೆಚ್ಚಾಗಿ ಇಂತಹ ತುರ್ತಿನಲ್ಲಿಯೇ.

ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಬೆಳಕಿನ ಅಂತರವನ್ನು ಅಳೆಯಲು ಒಂದು ಅನುಪಾತವಿದೆ. ಎರಡೂ ಒಂದೇ ಬಣ್ಣವಾಗಿದ್ದರೆ ಅದು 1, ಕಪ್ಪು-ಬಿಳುಪಾಗಿದ್ದರೆ 21. ವೆಬ್‌ಪುಟಗಳು ಎಲ್ಲರಿಗೂ ಓದಲು ಸಿಗಬೇಕೆಂದು ರೂಪಿಸಿರುವ WCAG ಮಾರ್ಗಸೂಚಿಯು ಸಾಧಾರಣ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ ಕನಿಷ್ಠ 3 ಇರಬೇಕೆನ್ನುತ್ತದೆ. ಫೋಟೋ ಮತ್ತು ಅಕ್ಷರಗಳ ನಡುವೆ ಅರೆಪಾರದರ್ಶಕ ಕಪ್ಪು ಪದರವೊಂದನ್ನು ಹಾಸಿದರೆ ಏನಾಗುತ್ತದೆಂದು ಇದರಿಂದ ಲೆಕ್ಕ ಹಾಕಬಹುದು. ಅತಿ ಕೆಟ್ಟ ಸಂದರ್ಭವೆಂದರೆ ಅಕ್ಷರದ ಹಿಂದೆ ಅಚ್ಚ ಬಿಳಿ ಇರುವುದು. ಪದರ 50 ಶೇಕಡಾ ಗಾಢವಾಗಿದ್ದರೆ ಬಿಳಿ ಅಕ್ಷರದ ಅನುಪಾತ ಸುಮಾರು 4, 55 ಶೇಕಡಾ ಆದರೆ ಸುಮಾರು 4.8. ಅಂದರೆ 55 ಶೇಕಡಾ ಪದರವಿದ್ದರೆ ಎಂತಹ ಫೋಟೋ ಬಂದರೂ ಅಕ್ಷರ ಓದಲು ಸಿಗುತ್ತದೆ. ಆದರೆ ಆ ಪದರದ ಅಡಿಯಲ್ಲಿ ಸಾಬೂನಿನ ಬಣ್ಣವೂ ಮಂಕಾಗುತ್ತದೆ. ಮಾರಬೇಕಾದ ವಸ್ತುವನ್ನೇ ಮಬ್ಬಾಗಿಸುವ ಪರಿಹಾರವನ್ನು ನಾನು ಒಪ್ಪಲಾರೆ.

ಹೀಗಾಗಿ ಫೋಟೋ ಮತ್ತು ಮಾತುಗಳನ್ನು ಬೇರ್ಪಡಿಸುವುದೇ ಸಣ್ಣ ಬ್ರ್ಯಾಂಡಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. 1080 ಪಿಕ್ಸೆಲ್ ಅಗಲ, 1350 ಪಿಕ್ಸೆಲ್ ಎತ್ತರದ ಚೌಕಟ್ಟಿನಲ್ಲಿ ಮೇಲಿನ 900 ಪಿಕ್ಸೆಲ್ ಫೋಟೋಗೆ, ಕೆಳಗಿನ 450 ಪಿಕ್ಸೆಲ್ ಬ್ರ್ಯಾಂಡಿನ ಬಣ್ಣದ ಪಟ್ಟಿಗೆ ಇರಲಿ. ಆ ಬಣ್ಣ `#1F4D3A` ಎಂಬ ಕಡುಹಸಿರಾದರೆ ಅದರ ಮೇಲಿನ ಬಿಳಿ ಅಕ್ಷರದ ಅನುಪಾತ 9ಕ್ಕೂ ಹೆಚ್ಚು, ಮತ್ತು ಫೋಟೋ ಯಾವುದೇ ಇರಲಿ, ಅದು ಬದಲಾಗುವುದೇ ಇಲ್ಲ. ಬಣ್ಣವನ್ನು ಹೀಗೆ ಸಂಕೇತದಲ್ಲಿಯೇ ಬರೆದಿಡಬೇಕು. ಕಣ್ಣಂದಾಜಿನಿಂದ ಆರಿಸಿದ ಹಸಿರು ಪ್ರತಿ ಬಾರಿಯೂ ಸ್ವಲ್ಪ ಸ್ವಲ್ಪ ಬೇರೆಯಾಗುತ್ತದೆ.

ಪಟ್ಟಿಯ ಒಳಗೆ ಎಷ್ಟು ಜಾಗ ನಿಜವಾಗಿಯೂ ಸಿಗುತ್ತದೆ ಎಂಬುದನ್ನು ನೋಡಬೇಕು. ಒಂದೇ ಚಿತ್ರವನ್ನು ಬೇರೆ ಬೇರೆ ಕಡೆ ಬೇರೆ ಬೇರೆ ಆಕಾರದಲ್ಲಿ ಕತ್ತರಿಸಿ ತೋರಿಸುತ್ತಾರೆ. ಇನ್‌ಸ್ಟಾಗ್ರಾಂ ಪ್ರೊಫೈಲ್ ಪುಟದ ಚಿಕ್ಕ ಚಿತ್ರಗಳು ಮೊದಲು ಚೌಕವಾಗಿದ್ದವು, 2025ರ ಜನವರಿಯಲ್ಲಿ 3:4 ಆಕಾರಕ್ಕೆ ಬದಲಾದವು. ಮಧ್ಯಭಾಗವನ್ನು ಚೌಕವಾಗಿ ಕತ್ತರಿಸಿದರೆ ನಮ್ಮ ಚೌಕಟ್ಟಿನ ಮೇಲಿನ 135 ಮತ್ತು ಕೆಳಗಿನ 135 ಪಿಕ್ಸೆಲ್ ಹೋಗುತ್ತವೆ; 3:4ಕ್ಕೆ ಕತ್ತರಿಸಿದರೆ ಎಡಬಲಗಳಲ್ಲಿ ಸುಮಾರು 34 ಪಿಕ್ಸೆಲ್ ಹೋಗುತ್ತವೆ. ಎಡಬಲಗಳಲ್ಲಿ 80, ಕೆಳಗೆ 135 ಪಿಕ್ಸೆಲ್ ಅಂಚು ಬಿಟ್ಟರೆ ಎರಡೂ ಬಗೆಯ ಕತ್ತರಿಯಿಂದ ಮಾತುಗಳು ಪಾರಾಗುತ್ತವೆ. ಪಟ್ಟಿಯ ಮೇಲ್ಭಾಗದಲ್ಲಿ 50 ಪಿಕ್ಸೆಲ್ ಉಸಿರಾಡುವ ಜಾಗ ಬಿಟ್ಟ ಮೇಲೆ ಅಕ್ಷರಗಳಿಗೆ ಉಳಿಯುವ ಎತ್ತರ 265 ಪಿಕ್ಸೆಲ್.

ಇನ್ನು ಅಕ್ಷರದ ಗಾತ್ರ. ಸಾಮಾನ್ಯ ಫೋನಿನ ಪರದೆಯ ಅಗಲ 7 ಸೆಂಟಿಮೀಟರಿನ ಆಸುಪಾಸಿನಲ್ಲಿರುವುದರಿಂದ 72 ಪಿಕ್ಸೆಲ್ ಗಾತ್ರದ ಶೀರ್ಷಿಕೆ ಅಲ್ಲಿ ಸುಮಾರು 4.7 ಮಿಲಿಮೀಟರ್, 44 ಪಿಕ್ಸೆಲ್‌ನ ವಿವರಣೆ 3 ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಪ್ರೊಫೈಲ್ ಪುಟದಲ್ಲಿ ಚಿತ್ರ ಮೂರನೇ ಒಂದು ಭಾಗಕ್ಕೆ ಕುಗ್ಗಿದಾಗ ಶೀರ್ಷಿಕೆಯನ್ನು ಹೇಗೋ ಓದಬಹುದು, ವಿವರಣೆಯನ್ನು ಓದಲಾಗದು. ಅದಕ್ಕಾಗಿಯೇ ಮುಖ್ಯವಾದುದೆಲ್ಲ ಶೀರ್ಷಿಕೆಯಲ್ಲಿರಬೇಕು. ಕನ್ನಡದಲ್ಲಿ ಸಾಲುಗಳ ಅಂತರಕ್ಕೆ ವಿಶೇಷ ಎಚ್ಚರ ಬೇಕು. ಇಂಗ್ಲಿಷ್‌ಗೆಂದು ಹೊಂದಿಸಿದ ಟೆಂಪ್ಲೇಟ್‌ಗಳಲ್ಲಿ ಒತ್ತಕ್ಷರಗಳು ಕೆಳಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಾಗುತ್ತವೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.4 ಪಟ್ಟು ಇಟ್ಟು ನೋಡೋಣ: ಶೀರ್ಷಿಕೆಯ ಎರಡು ಸಾಲಿಗೆ ಸುಮಾರು 202, ವಿವರಣೆಯ ಒಂದು ಸಾಲಿಗೆ ಸುಮಾರು 62, ಒಟ್ಟು 264. ಉಳಿದಿದ್ದ 265ರಲ್ಲಿ ಇದು ಸರಿಯಾಗಿ ಕೂರುತ್ತದೆ, ಶೀರ್ಷಿಕೆಯ ಮೂರನೆಯ ಸಾಲಿಗೆ ಎಡೆಯೇ ಇಲ್ಲ.

ಈ ಮಿತಿಯನ್ನು ಟೆಂಪ್ಲೇಟ್‌ನ ನಿಯಮವಾಗಿ ಬರೆದಿಡಬೇಕು: ಶೀರ್ಷಿಕೆ ಎರಡೇ ಸಾಲು, ಮೀರಿದರೆ ಮಾತನ್ನು ಕತ್ತರಿಸಬೇಕೇ ಹೊರತು ಅಕ್ಷರವನ್ನು ಕುಗ್ಗಿಸಬಾರದು. ಬಳಕೆಗೆ ಕೊಡುವ ಮೊದಲು ಬ್ರ್ಯಾಂಡಿನ ಅತಿ ಉದ್ದದ ಉತ್ಪನ್ನದ ಹೆಸರನ್ನು, ‘ಸ್ವಾತಂತ್ರ್ಯ’ದಂತಹ ದಟ್ಟ ಒತ್ತಕ್ಷರದ ಪದವನ್ನು, ಎಡಮೂಲೆಗೆ ಸರಿದ ವಸ್ತುವಿನ ಫೋಟೋವನ್ನು ಹಾಕಿ ಪರೀಕ್ಷಿಸಬೇಕು. ಇಲ್ಲಿ ಸೋತರೆ ಅಳತೆಗಳನ್ನು ತಿದ್ದುವುದು ಈಗಲೇ ಸುಲಭ.

ಬಳಕೆಗೆ ಬಂದ ಮೇಲೆ ಟೆಂಪ್ಲೇಟ್ ಕೆಡುವುದು ನಿಧಾನವಾಗಿ. ಮೂಲ ಕಡತವನ್ನು ತೆರೆಯುವ ಬದಲು ಹಿಂದಿನ ವಾರದ ಪೋಸ್ಟ್ ಅನ್ನೇ ನಕಲು ಮಾಡಿ ಮಾತು ಬದಲಿಸುವುದು ಎಲ್ಲರಿಗೂ ಅನುಕೂಲ. ಆದರೆ ಆ ಪೋಸ್ಟ್‌ನಲ್ಲಿ ಪಟ್ಟಿ ಹತ್ತು ಪಿಕ್ಸೆಲ್ ಸರಿದಿದ್ದರೆ ಮುಂದಿನದೂ ಸರಿಯುತ್ತದೆ, ಅದರ ಮುಂದಿನದು ಇನ್ನಷ್ಟು. ಆದ್ದರಿಂದ ನಕಲು ಯಾವಾಗಲೂ ಮೂಲದಿಂದಲೇ ಆಗಬೇಕು, ಮೂಲದಲ್ಲಿ ಪಟ್ಟಿ ಮತ್ತು ಲೋಗೋಗಳನ್ನು ಅಲುಗದಂತೆ ಲಾಕ್ ಮಾಡಿರಬೇಕು. ಜಾರಿಕೆ ಆಗಿದೆಯೇ ಎಂದು ತಿಳಿಯಲು ಈಚಿನ ಒಂಬತ್ತು ಪೋಸ್ಟ್‌ಗಳನ್ನು ಮೂರು ಸಾಲಾಗಿ ಜೋಡಿಸಿ, ಅಕ್ಷರ ಓದಲಾಗದಷ್ಟು ಮಸುಕಾಗಿಸಿ ನೋಡಬೇಕು. ಪಟ್ಟಿಗಳು ಒಂದೇ ಗೆರೆಯಲ್ಲಿ ಬಾರದಿದ್ದರೆ, ಅಥವಾ ಹಸಿರುಗಳು ಬೇರೆ ಬೇರೆಯಾಗಿ ಕಂಡರೆ, ತಪ್ಪಿದ ಪೋಸ್ಟ್ ತಾನಾಗಿಯೇ ಎದ್ದು ಕಾಣುತ್ತದೆ.

ಗ್ರಾಹಕರ ಮಾತುಗಳ ಪೋಸ್ಟ್‌ಗೆ ಫೋಟೋ ಇರುವುದಿಲ್ಲ, ಮಾತು ನಾಲ್ಕೈದು ಸಾಲಿರುತ್ತದೆ. ಅದನ್ನು ಈ ಚೌಕಟ್ಟಿಗೆ ತುರುಕಬಾರದು. ಅದೇ ಬಣ್ಣ, ಅದೇ ಅಂಚು, ಅದೇ ಫಾಂಟ್ ಇಟ್ಟುಕೊಂಡು ಪಟ್ಟಿಯನ್ನು ಇಡೀ ಚೌಕಟ್ಟಿಗೆ ವಿಸ್ತರಿಸಿದ ಎರಡನೆಯ ಟೆಂಪ್ಲೇಟ್ ಮಾಡಬೇಕು. ಹೊಸ ಟೆಂಪ್ಲೇಟ್ ಬೇಕೇ ಎಂಬುದನ್ನು ತೀರ್ಮಾನಿಸಲು ಒಂದು ಲಕ್ಷಣವಿದೆ: ಒಂದೇ ಬಗೆಯ ವಿಷಯಕ್ಕಾಗಿ ನಿಯಮವನ್ನು ಮತ್ತೆ ಮತ್ತೆ ಮುರಿಯಬೇಕಾಗಿ ಬಂದರೆ ಆ ವಿಷಯಕ್ಕೆ ಅದರದೇ ಚೌಕಟ್ಟು ಬೇಕು. ಒಮ್ಮೆ ಮಾತ್ರ ಬಂದ ಅಪವಾದಕ್ಕೆ ಮಾತನ್ನು ಚಿಕ್ಕದು ಮಾಡಿದರೆ ಸಾಕು.