ದೀಪ ಆರಿದ್ದಕ್ಕೆ ದಂಡ ಯಾರಿಗೆ?

ಪುಣೆಯಲ್ಲಿ ಸರ್ಕಾರಿ ಗುತ್ತಿಗೆಗಳ ತಕರಾರು ನೋಡಿಕೊಳ್ಳುವುದು ನನ್ನ ಕೆಲಸ. ಈಚೆಗೆ ನನ್ನ ಹತ್ತಿರ ಬರುವ ಫೈಲ್‌ಗಳಲ್ಲಿ ಜಾಸ್ತಿ ಇರುವುದು ಕೆಲಸದ ಫಲಿತಾಂಶ ನೋಡಿ ದುಡ್ಡು ಕೊಡುವ ಗುತ್ತಿಗೆಗಳು. ಎಷ್ಟು ಕಂಬ ನೆಟ್ಟಿರಿ ಅಂತ ಇಲ್ಲಿ ಕೇಳುವುದಿಲ್ಲ. ರಾತ್ರಿ ಎಷ್ಟು ದೀಪ ಉರಿಯುತ್ತಿತ್ತು ಅಂತ ಕೇಳುತ್ತಾರೆ.

ವಿಜಯಪುರದಿಂದ ಬಂದು ಇಲ್ಲಿ ನೆಲೆಸಿದ ನನ್ನ ಗೆಳೆಯರೊಬ್ಬರು ಪಕ್ಕದ ಊರಿನ ಪೌರ ಸಂಸ್ಥೆಯೊಂದರ ಬೀದಿದೀಪದ ನಿರ್ವಹಣೆ ಹಿಡಿದಿದ್ದರು. 2000 ದೀಪ, ದೀಪಕ್ಕೆ ತಿಂಗಳಿಗೆ 200 ರೂಪಾಯಿ, ಒಟ್ಟು 4 ಲಕ್ಷ. ತಿಂಗಳಿಗೊಂದು ರಾತ್ರಿ ಎಣಿಕೆ. ಶೇ. 97 ದೀಪ ಉರಿಯಬೇಕು. ಅದಕ್ಕಿಂತ ಕೆಳಗೆ ಪೂರ್ತಿ ಒಂದು ಶೇಕಡಾ ಇಳಿದಾಗಲೆಲ್ಲ ಬಿಲ್‌ನಲ್ಲಿ ಶೇ. 2 ಕಡಿತ, ಗರಿಷ್ಠ ಶೇ. 10. ಸತತ ಮೂರು ತಿಂಗಳು ಗರಿಷ್ಠ ದಂಡ ಬಿದ್ದರೆ ಗುತ್ತಿಗೆ ರದ್ದು, ಬ್ಯಾಂಕ್ ಗ್ಯಾರಂಟಿ ಜಪ್ತಿ.

ಜುಲೈ ಎಣಿಕೆಯಲ್ಲಿ 220 ದೀಪ ಆರಿದ್ದವು. ಅಂದರೆ ಉರಿದದ್ದು ಶೇ. 89. ಎಂಟು ಶೇಕಡಾ ಕೊರತೆಗೆ ಕಡಿತ ಶೇ. 16 ಆಗಬೇಕಿತ್ತು, ಮಿತಿ ಇರುವುದರಿಂದ 10ಕ್ಕೆ ನಿಂತಿತು. 40,000 ರೂಪಾಯಿ ಹೋಯಿತು.

“ಅಣ್ಣಾ, ಕರೆಂಟೇ ಇರಲಿಲ್ಲ. ನಾನೇನು ಮಾಡಲಿ?” ಅಂತ ಆಗಸ್ಟ್‌ನಲ್ಲಿ ಬಂದು ಕುಳಿತರು. ಆ 220ರಲ್ಲಿ 140 ದೀಪ ಒಂದೇ ಫೀಡರ್ ಪ್ಯಾನೆಲ್‌ನವು, ಅಂದರೆ ಅವಕ್ಕೆಲ್ಲ ಕರೆಂಟ್ ಹಂಚುವ ಒಂದೇ ಪೆಟ್ಟಿಗೆ. ಯಾರೋ ರಸ್ತೆ ಅಗೆಯುವಾಗ ಪ್ಯಾನೆಲ್‌ಗೆ ಬರುವ, ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಕೇಬಲ್ ತುಂಡಾಗಿತ್ತು. ಸರಬರಾಜು ನಿಂತ ದೀಪಗಳನ್ನು ಲೆಕ್ಕದಿಂದ ಬಿಡಬೇಕು ಅಂತ ಕರಾರಿನಲ್ಲೇ ಇತ್ತು. ಬಿಟ್ಟು ನೋಡಿ: 1860ರಲ್ಲಿ 80 ಆರಿದ್ದವು, ಉರಿದದ್ದು ಶೇ. 95.7. ಪೂರ್ತಿ ಇಳಿದದ್ದು ಒಂದೇ ಶೇಕಡಾ. ದಂಡ 8,000 ರೂಪಾಯಿ.

ಇದನ್ನು ಸಾಬೀತು ಮಾಡುವುದು ಪ್ಯಾನೆಲ್ ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್. ಒಳಬರುವ ವೋಲ್ಟೇಜ್ ಸೊನ್ನೆ ಇದ್ದರೆ ತಪ್ಪು ಹೊರಗಿನದು. 230ರ ಆಸುಪಾಸು ಇದ್ದೂ ದೀಪ ಆರಿದ್ದರೆ ತಪ್ಪು ಗುತ್ತಿಗೆದಾರನದು, ಅಲ್ಲಿ ವಾದ ಮಾಡಿ ಉಪಯೋಗವಿಲ್ಲ. ಅವರ ಪ್ಯಾನೆಲ್ 60 ದಿನದ ಲಾಗ್ ಮಾತ್ರ ಇಟ್ಟುಕೊಳ್ಳುತ್ತಿತ್ತು. ಅವತ್ತೇ ಇಳಿಸಿಕೊಂಡೆವು. ವಿಷಯ ಕೋರ್ಟಿಗೆ ಹೋದರೆ ಇಂಥ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು, ಅದನ್ನೂ ಮಾಡಿಸಿಟ್ಟೆವು.

ಆಗಸ್ಟ್ ಎಣಿಕೆಗೆ ನಾನೂ ಹೋಗಿದ್ದೆ. ಕೇಬಲ್ ಇನ್ನೂ ಹಾಗೇ ಇತ್ತು. ಜಿಟಿಜಿಟಿ ಮಳೆ, ರಿಜಿಸ್ಟರ್‌ಗೆ ಪ್ಲಾಸ್ಟಿಕ್ ಹೊದಿಸಿ ಜೂನಿಯರ್ ಎಂಜಿನಿಯರ್ ಕಂಬದ ನಂಬರ್ ಬರೆಯುತ್ತಿದ್ದರು. ‘ಬಂದ್’ ಅಂತಷ್ಟೇ ಬರೆದಿದ್ದರು. ಪ್ಯಾನೆಲ್ ಬಾಗಿಲು ತೆರೆಸಿ ಮೀಟರ್ ತೋರಿಸಿದ ಮೇಲೆ ‘ಬಂದ್, ಸಪ್ಲೈ ಇಲ್ಲ’ ಅಂತ ಸೇರಿಸಿ ಸಹಿ ಹಾಕಿದರು. ಆ ಎರಡು ಪದಕ್ಕೆ ಆ ತಿಂಗಳು 32,000 ರೂಪಾಯಿ ಬೆಲೆ.

ಕಡಿತವಾದ ಬಿಲ್ ತಗೊಳ್ಳುವಾಗ ಒಂದು ಅಪಾಯವಿದೆ. ‘ಇನ್ನೇನೂ ಬಾಕಿ ಇಲ್ಲ’ ಎಂಬ ಪತ್ರಕ್ಕೆ ಸಹಿ ಕೇಳುತ್ತಾರೆ. ದುಡ್ಡಿನ ಅವಸರಕ್ಕೆ ಸುಮ್ನೆ ಸಹಿ ಹಾಕಿದವರು ಮುಂದೆ ವರ್ಷಗಟ್ಟಲೆ ಒದ್ದಾಡುವುದನ್ನು ನೋಡಿದ್ದೇನೆ. ‘ತಕರಾರು ಕಾಯ್ದಿರಿಸಿ ಸ್ವೀಕರಿಸಿದೆ’ ಎಂದು ಬರೆದು, ಕರಾರು ಹೇಳಿದ ದಿನಗಳೊಳಗೆ ಪತ್ರ ಕೊಡಬೇಕು. ಇವರಿಗೆ ಏಳು ದಿನ ಇತ್ತು.

ಮುಂದಿನ ದಾರಿ ಕರಾರಿನ ಪದಗಳ ಮೇಲೆ ನಿಂತಿದೆ. ‘ಮೇಲಧಿಕಾರಿಯ ನಿರ್ಧಾರವೇ ಅಂತಿಮ’ ಅಂತಷ್ಟೇ ಇದ್ದರೆ ಸಾಮಾನ್ಯವಾಗಿ ಅದು ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರಿಂದ ತೀರ್ಪು ಪಡೆಯುವ ಒಪ್ಪಂದ ಆಗುವುದಿಲ್ಲ, ಕೋರ್ಟಿಗೇ ಹೋಗಬೇಕು. ಆರ್ಬಿಟ್ರೇಷನ್ ಇದ್ದರೂ ಏಕೈಕ ಆರ್ಬಿಟ್ರೇಟರನ್ನು ಇಲಾಖೆಯೊಂದೇ ನೇಮಿಸುವಂತಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟಪಡಿಸಿದೆ. ದಂಡದ ಮೊತ್ತ ಕರಾರಿನಲ್ಲಿ ಬರೆದಿದ್ದರೂ, 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ಆ ಮಿತಿಯೊಳಗಿನ ನ್ಯಾಯವಾದ ಪರಿಹಾರ ಮಾತ್ರ. ಆದರೆ ಕತ್ತಲ ಬೀದಿಯ ನಷ್ಟವನ್ನು ರೂಪಾಯಿಯಲ್ಲಿ ಅಳೆಯಲು ಆಗುವುದಿಲ್ಲ ಅಲ್ವಾ? ಅಂಥ ಕಡೆ ಮೊದಲೇ ಒಪ್ಪಿದ ಮೊತ್ತ ವಿಪರೀತವಲ್ಲದಿದ್ದರೆ ಅದನ್ನೇ ಎತ್ತಿಹಿಡಿಯುತ್ತಾರೆ. ಹಾಗಾಗಿ ದಂಡ ಜಾಸ್ತಿ ಎನ್ನುವ ವಾದಕ್ಕಿಂತ ಎಣಿಕೆ ತಪ್ಪು ಎನ್ನುವ ವಾದವನ್ನೇ ನಾನು ಮುಂದಿಡುತ್ತೇನೆ. ದಾವೆ ಹೂಡಲು ಇರುವ ಮೂರು ವರ್ಷದ ಕಾಲಮಿತಿಯೂ ನೆನಪಿರಲಿ. ಪತ್ರ ಬರೆಯುತ್ತಾ ಕುಳಿತರೆ ಅದು ನಿಲ್ಲುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ನನ್ನ ಗೆಳೆಯರ ಸೂಪರ್‌ವೈಸರ್ ಗಣಪತಿ ಹಬ್ಬಕ್ಕೆ ಊರಿಗೆ ಹೋಗಿದ್ದ. ಎಣಿಕೆಗೆ ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ, ಪತ್ರವೂ ಹೋಗಲಿಲ್ಲ. ಜುಲೈ, ಆಗಸ್ಟ್‌ನಂತೆ ಆ ತಿಂಗಳೂ ಗರಿಷ್ಠ ದಂಡ 40,000 ಬಿತ್ತು. ಡಿಸೆಂಬರ್‌ನಲ್ಲಿ ಗುತ್ತಿಗೆ ರದ್ದತಿಯ ನೋಟಿಸ್ ಬಂದಾಗ ನೋಡಿದರೆ ಆ ತಿಂಗಳ ಲಾಗ್ ಅಳಿಸಿಹೋಗಿತ್ತು.

ಜುಲೈ, ಆಗಸ್ಟ್‌ನ ಕಾಗದ ಹಿಡಿದು ಮುಖ್ಯ ಎಂಜಿನಿಯರ್ ಮುಂದೆ ಮೇಲ್ಮನವಿ ಹಾಕಿದೆವು. ಅವರು ಎರಡು ಸಲ ಕರೆದು ಕೇಳಿದರು. ಆ ಎರಡೂ ತಿಂಗಳ ದಂಡ ತಲಾ 8,000ಕ್ಕೆ ಇಳಿಯಿತು. ಸೆಪ್ಟೆಂಬರ್‌ನ 40,000 ವಾಪಸ್ ಬರಲಿಲ್ಲ. ಆದರೆ ‘ಸತತ ಮೂರು ತಿಂಗಳು’ ಮುರಿದುಬಿತ್ತು. ನೋಟಿಸ್ ಹಿಂದೆ ಪಡೆದರು, ಬ್ಯಾಂಕ್ ಗ್ಯಾರಂಟಿ ಉಳಿಯಿತು.