ಮುಖ ಅದಲು ಬದಲು: ಬೆಳಕು ಜಾಗದ್ದು, ಚರ್ಮ ಅವರದ್ದು

ಒಂದೇ ಫೋಟೋದಲ್ಲಿರುವ ಇಬ್ಬರ ಮುಖ ಅದಲು ಬದಲು ಮಾಡೋದು ಸುಲಭ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಕ್ಯಾಮೆರಾ ಒಂದೇ, ಹೊತ್ತು ಒಂದೇ, ಬೆಳಕೂ ಒಂದೇ ಅಲ್ವಾ? ಮೊದಲ ಎರಡು ಸರಿ. ಮೂರನೆಯದರಲ್ಲೇ ಎಡವುತ್ತಾರೆ.

ಈಚೆಗೆ ಇಬ್ಬರು ಗೆಳೆಯರು ತಮಾಷೆಗೆ ಅಂತ ಇಂಥದ್ದೇ ಒಂದು ಫೋಟೋ ಕೊಟ್ಟರು. ಇಬ್ಬರೂ ಸೇರಿ ಕೇಳಿದ್ದರಿಂದ ಒಪ್ಪಿಕೊಂಡೆ, ಒಬ್ಬರೇ ಬಂದು ಕೇಳಿದರೆ ನಾನು ಮಾಡಿಕೊಡಲ್ಲ. ಎಡಗಡೆ ಕಿಟಕಿ. ಅದರ ಪಕ್ಕದಲ್ಲೇ ಕೂತವರದು ತಿಳಿ ಬಣ್ಣ. ಅವರ ನೆರಳಿನಲ್ಲಿ, ಬಲಕ್ಕೆ ಕೂತವರದು ಕಪ್ಪು ಬಣ್ಣ. ಇಬ್ಬರೂ ನೇರವಾಗಿ ಕ್ಯಾಮೆರಾ ನೋಡುತ್ತಿದ್ದರು, ಹಾಗಾಗಿ ಮುಖದ ಕೋನದ ತಲೆನೋವು ಇರಲಿಲ್ಲ. ಅವರೇ ಒಮ್ಮೆ ಮಾಡಿ ನೋಡಿದ್ದರಂತೆ. ಮುಖದ ಬಣ್ಣವನ್ನು ಹೊಸ ಕುತ್ತಿಗೆಗೆ ಹೊಂದಿಸಿಬಿಟ್ಟಿದ್ದರು. ಅಂಟಿಸಿದ ಗುರುತು ಎಲ್ಲೂ ಕಾಣುತ್ತಿರಲಿಲ್ಲ, ಆದರೆ ಯಾರು ಯಾರು ಅಂತಲೇ ಗೊತ್ತಾಗುತ್ತಿರಲಿಲ್ಲ.

ಯಾಕೆ ಹೀಗಾಯಿತು ಅಂದರೆ, ಎರಡು ಮುಖಗಳ ನಡುವಿನ ವ್ಯತ್ಯಾಸದಲ್ಲಿ ಎರಡು ಪಾಲು ಇದೆ. ಒಂದು ಚರ್ಮದ್ದು, ಅದು ಮುಖದ ಜೊತೆ ಹೋಗಬೇಕು. ಇನ್ನೊಂದು ಕೂತ ಜಾಗದ ಬೆಳಕಿನದು, ಅದು ಅಲ್ಲೇ ಉಳಿಯಬೇಕು. ಚರ್ಮವನ್ನು ಚರ್ಮದ ಜೊತೆ ಅಳೆದರೆ ಎರಡೂ ಕಲಸಿಹೋಗುತ್ತವೆ. ಬೆಳಕನ್ನು ಮಾತ್ರ ಅಳೆಯಬೇಕಾದರೆ ಎರಡೂ ಕಡೆ ಒಂದೇ ಬಣ್ಣದ ಬೇರೆ ಏನಾದರೂ ಬೇಕು. ಅದೃಷ್ಟಕ್ಕೆ ಇಬ್ಬರೂ ಬಿಳಿ ಅಂಗಿ ಹಾಕಿದ್ದರು.

ಫೋಟೋಶಾಪ್‌ನಲ್ಲಿ Color Sampler ತೆಗೆದು, ಅಳತೆಯನ್ನು 5 by 5 Average ಅಂತ ಇಟ್ಟು, ಇಬ್ಬರ ಕಾಲರ್ ಮೇಲೂ ಒಂದೊಂದು ಗುರುತು ಹಾಕಿದೆ. ಕಿಟಕಿ ಕಡೆಯ ಕಾಲರ್: R 230, G 226, B 222. ನೆರಳಿನ ಕಾಲರ್: 148, 152, 160. ನೋಡಿ, ನೆರಳಿನ ಜಾಗ ಬರೀ ಕತ್ತಲೆಯಲ್ಲ, ಸ್ವಲ್ಪ ನೀಲಿಯೂ ಹೌದು. ಕೆಂಪು ಸುಮಾರು 64 ಪರ್ಸೆಂಟಿಗೆ ಇಳಿದಿದೆ, ನೀಲಿ 72ಕ್ಕೆ ಮಾತ್ರ.

ಏನನ್ನೂ ಅಂಟಿಸುವ ಮೊದಲೇ ಎರಡೂ ಮುಖಗಳನ್ನು ಲ್ಯಾಸೋದಲ್ಲಿ ಸುತ್ತಿ Ctrl+J ಒತ್ತಿ ಬೇರೆ ಬೇರೆ ಲೇಯರ್ ಮಾಡಿಕೊಳ್ಳಿ. ಸುತ್ತುವ ಗೆರೆ ಕೂದಲಿನ ಮೇಲಾಗಲಿ ಗದ್ದದ ಕೆಳಗಿನ ನೆರಳಿನ ಮೇಲಾಗಲಿ ಹೋಗದೆ, ಸಮವಾದ ಚರ್ಮದ ಮೇಲೇ ಹೋಗಲಿ. ಆಮೇಲೆ ತಿಳಿ ಮುಖವನ್ನು ನೆರಳಿನ ಜಾಗಕ್ಕೆ ತಂದು, ಅದಕ್ಕೆ ಮಾತ್ರ ತಗಲುವ ಹಾಗೆ ಒಂದು Levels ಕಟ್ಟಿ, ಒಂದೊಂದು ಚಾನಲ್‌ನಲ್ಲೂ Output Levels‌ನ ಬಲಗಡೆ ಅಂಕಿಯನ್ನು 255ರಿಂದ ಇಳಿಸಿದೆ: ಕೆಂಪು 164, ಹಸಿರು 172, ನೀಲಿ 184. ಲೆಕ್ಕ ಸರಳ, 255ನ್ನು 148ರಿಂದ ಗುಣಿಸಿ 230ರಿಂದ ಭಾಗಿಸಿದರೆ ಕೆಂಪಿನದು ಬರುತ್ತದೆ, ಉಳಿದವೂ ಹಾಗೇ. ಕೆನ್ನೆ 210, 163, 140 ಇದ್ದದ್ದು 135, 110, 101 ಆಯಿತು. ಅವರು ನಿಜವಾಗಿಯೂ ಅಲ್ಲಿ ಕೂತಿದ್ದರೆ ಹೆಚ್ಚುಕಮ್ಮಿ ಹೀಗೇ ಕಾಣುತ್ತಿದ್ದರು.

ಈಗ ಕುತ್ತಿಗೆ ಹೊಂದುವುದಿಲ್ಲ. ಹೊಂದಬಾರದು ಕೂಡ, ಅದು ಇನ್ನೊಬ್ಬರದಲ್ವಾ! ಇಲ್ಲಿ ಮುಖ ಮುಟ್ಟಬೇಡಿ, ಕುತ್ತಿಗೆ, ಕಿವಿ, ಕೈಗಳನ್ನೇ ಮುಖಕ್ಕೆ ತನ್ನಿ. ಅದೇ ನೆರಳಿನಲ್ಲಿ ಕೂತ ಕಪ್ಪು ಬಣ್ಣದವರ ಸ್ವಂತ ಕೆನ್ನೆ 96, 72, 64 ಇತ್ತು. ಅದನ್ನು 135, 110, 101ಕ್ಕೆ ಏರಿಸಲು ಇನ್ನೊಂದು Levels‌ನಲ್ಲಿ, ಈ ಸಲ ಇನ್‌ಪುಟ್ ಕಡೆಯ ಬಿಳಿ ಅಂಕಿಯನ್ನು 181, 167, 162ಕ್ಕೆ ಎಳೆದು, ಆ ಭಾಗಗಳಿಗೆ ಮಾತ್ರ ಮಾಸ್ಕ್ ಹಾಕಿದೆ. ಬ್ರಷ್‌ನಿಂದ ಬಣ್ಣ ಬಳಿಯೋಕೆ ಹೋಗಬೇಡಿ, ಗದ್ದದ ಕೆಳಗಿನ ನೆರಳು ಸತ್ತುಹೋಗುತ್ತದೆ. ಕೈ ಮರೆಯೋದಂತೂ ಎಲ್ಲರೂ ಮಾಡುವ ತಪ್ಪು, ನಾನೂ ಸುಮಾರು ಸಲ ಮಾಡಿದ್ದೇನೆ.

ಎದುರು ದಿಕ್ಕು ಇಷ್ಟು ಸಲೀಸಲ್ಲ. ಕಪ್ಪು ಮುಖವನ್ನು ನೆರಳಿನಿಂದ ಕಿಟಕಿ ಬೆಳಕಿಗೆ ತರುವಾಗ ಅದೇ 164, 172, 184ನ್ನು ಇನ್‌ಪುಟ್ ಕಡೆ ಹಾಕಬೇಕು. ಆಗ ಮುಖದ ಜೊತೆ ಫೋಟೋದ ನಾಯ್ಸ್ ಕೂಡ ಕಾಳುಕಾಳಾಗಿ ಎದ್ದು ಬರುತ್ತದೆ, ಹಣೆಯ ಎಣ್ಣೆ ಹೊಳಪು ಬೆಳ್ಳಗೆ ಸುಟ್ಟುಹೋಗುತ್ತದೆ. ಹೊಳಪಿನ ಮೇಲೆ ಮಾಸ್ಕ್ ಸ್ವಲ್ಪ ಕಡಿಮೆ ಮಾಡಿ, ಕಾಳನ್ನು ಪಕ್ಕದ ಕುತ್ತಿಗೆಯ ಜೊತೆ 100 ಪರ್ಸೆಂಟ್ ಜೂಮ್‌ನಲ್ಲಿ ಹೋಲಿಸಿ ತಗ್ಗಿಸಿದೆ.

ಇಷ್ಟಾದರೂ ಆ ಮುಖ ಮುಖವಾಡದ ಹಾಗೇ ಕಾಣುತ್ತಿತ್ತು. ಅಂಕಿಗಳು ಬೆಳಕಿನ ಪ್ರಮಾಣ ಹೇಳುತ್ತವೆ, ದಿಕ್ಕು ಹೇಳುವುದಿಲ್ಲ. ನೆರಳಿನಲ್ಲಿ ತೆಗೆದ ಮುಖದ ಎರಡೂ ಕೆನ್ನೆ ಒಂದೇ ತರ ಇದ್ದವು, ಆದರೆ ಅಂಗಿಯ ಬಲಭಾಗ ಕಪ್ಪಾಗುತ್ತಾ ಹೋಗುತ್ತಿತ್ತು. ಬಲ ಕೆನ್ನೆ ಮತ್ತು ಮೂಗಿನ ಪಕ್ಕ ದೊಡ್ಡ ಮೆತ್ತನೆ ಬ್ರಷ್‌ನಿಂದ ಮುಖವನ್ನು ಕಪ್ಪಾಗಿಸುವ ಒಂದು ಲೇಯರ್‌ನ ಮಾಸ್ಕ್ ತೆರೆದೆ. ಚೂಪಾದ ಮೂಗಿನ ನೆರಳು ಬೇಕಾಗಿದ್ದರೆ ಕೆಲಸವನ್ನೇ ಬಿಡುತ್ತಿದ್ದೆ, ಅದನ್ನು ಕೈಯಲ್ಲಿ ನಂಬುವ ಹಾಗೆ ಬರೆಯೋದು ನನಗಂತೂ ಆಗಿಲ್ಲ. ಕಣ್ಣುಗಳು ಮಾತ್ರ ಇನ್ನೂ ಮಂಕಾಗಿದ್ದವು. ಆ ಜಾಗದಲ್ಲಿ ಮೊದಲಿದ್ದ ಕಣ್ಣಿನೊಳಗೆ ಕಿಟಕಿಯ ಚಿಕ್ಕ ಬಿಳಿ ಚೌಕ ಇತ್ತು, ಅದನ್ನೇ ನಕಲು ಮಾಡಿ ಹೊಸ ಕಣ್ಣಲ್ಲಿ ಅದೇ ಕಡೆಗೆ ಇಟ್ಟ ಮೇಲೆ ಅವರು ಕಿಟಕಿ ಪಕ್ಕ ಬಂದು ಕೂತರು.